ಪೈಪು ಹೊರಗೆಳೆದ ಮೇಲೆ ಮುಂದಿನ ಕೆಲಸ ಯಾವುದು? ಕೈಪಿಡಿಯ ಹಂತಗಳ ಪ್ರಶ್ನೆಗೆ ಎರಡೆರಡು ಉತ್ತರ ಬರ್ತಿದೆ

ಓದುಪಾಠ
ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸಕ್ಕಾಗಿ, ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ನಿನ ಕೈಪಿಡಿಯ ಧಾಟಿಯಲ್ಲಿ ಒಂದು ಭಾಗ ಬರೆದು ಮೂರು ಪ್ರಶ್ನೆ ಮಾಡಿದ್ದೇವೆ. ಉತ್ತರ ತಿದ್ದುವ ಇಬ್ಬರಲ್ಲೇ ಒಮ್ಮತ ಇಲ್ಲ. ಪೂರ್ತಿ ಪಠ್ಯ ಕೆಳಗಿದೆ, ದಯವಿಟ್ಟು ಓದಿ ಹೇಳಿ.

ಪಂಪಿನ ಫಿಲ್ಟರ್ ಸ್ವಚ್ಛಗೊಳಿಸುವುದು
1. ಮೆಷಿನ್ ಆಫ್ ಮಾಡಿ ಪ್ಲಗ್ ತೆಗೆಯಿರಿ.
2. ಕೆಳಗಿನ ಮುಚ್ಚಳ ತೆರೆದು ಸಣ್ಣ ಪೈಪನ್ನು ಹೊರಗೆಳೆಯಿರಿ.
3. ಪೈಪಿನ ಬಿರಡೆ ತೆಗೆದು ನೀರು ಪೂರ್ತಿ ಹರಿದುಹೋಗಲು ಬಿಡಿ. ಬಿರಡೆ ತೆಗೆಯುವ ಮೊದಲು ಪೈಪಿನ ಬಾಯಿಯ ಕೆಳಗೆ ತಟ್ಟೆ ಇಡಿ. ತಟ್ಟೆ ತುಂಬಿದರೆ ಬಿರಡೆ ಹಾಕಿ, ತಟ್ಟೆ ಖಾಲಿ ಮಾಡಿ, ಮತ್ತೆ ಬಿರಡೆ ತೆಗೆಯಿರಿ.
4. ಫಿಲ್ಟರನ್ನು ಎಡಕ್ಕೆ ತಿರುಗಿಸಿ ಹೊರತೆಗೆಯಿರಿ.
5. ಫಿಲ್ಟರನ್ನು ತೊಳೆದು, ಒಳಗಿರುವ ಪಂಪಿನ ರೆಕ್ಕೆ ತಿರುಗುತ್ತದೆಯೇ ಎಂದು ನೋಡಿ.
6. ಫಿಲ್ಟರನ್ನು ಮತ್ತೆ ಕೂರಿಸಿ ಬಲಕ್ಕೆ ತಿರುಗಿಸಿ ಬಿಗಿ ಮಾಡಿ. ಬಿರಡೆ ಹಾಕಿ ಪೈಪನ್ನು ಅದರ ಜಾಗಕ್ಕೆ ಸೇರಿಸಿ ಮುಚ್ಚಳ ಮುಚ್ಚಿ.
ಎಚ್ಚರಿಕೆ: ಬಿಸಿನೀರಿನಲ್ಲಿ ಒಗೆದಿದ್ದರೆ ನೀರು ತಣಿಯುವ ತನಕ ಬಿರಡೆ ತೆಗೆಯಬೇಡಿ.
ಸೂಚನೆ: ಫಿಲ್ಟರ್ ಹಾಕಿದ ಮೇಲೆ ಡ್ರಮ್ಮಿಗೆ ಎರಡು ಲೀಟರ್ ನೀರು ಸುರಿದು, ನೀರು ಹೊರಹಾಕುವ ಪ್ರೋಗ್ರಾಂ ನಡೆಸಿ, ಸೋರುತ್ತಿದೆಯೇ ನೋಡಿ.

ಪ್ರಶ್ನೆ 1: ಪೈಪನ್ನು ಹೊರಗೆಳೆದ ತಕ್ಷಣ ಮಾಡಬೇಕಾದ ಕೆಲಸ ಯಾವುದು? (ಅ) ಬಿರಡೆ ತೆಗೆಯುವುದು (ಆ) ತಟ್ಟೆ ಇಡುವುದು (ಇ) ಫಿಲ್ಟರ್ ತಿರುಗಿಸುವುದು (ಈ) ನೀರು ತಣಿಯಲು ಕಾಯುವುದು
ಪ್ರಶ್ನೆ 2: ಫಿಲ್ಟರ್ ತಿರುಗಿಸಲು ಶುರುಮಾಡುವಾಗ ಬಿರಡೆ ಪೈಪಿನಲ್ಲಿದೆಯೋ, ಹೊರಗಿದೆಯೋ?
ಪ್ರಶ್ನೆ 3: ಎಲ್ಲಕ್ಕಿಂತ ಕೊನೆಯ ಕೆಲಸ ಯಾವುದು?

ನಮ್ಮ ಉತ್ತರ: 1ಕ್ಕೆ (ಆ), 2ಕ್ಕೆ ಹೊರಗಿದೆ, 3ಕ್ಕೆ ಸೋರಿಕೆ ನೋಡುವುದು. ಮೂರಕ್ಕೂ ತಕರಾರು ಬಂದಿದೆ.

ನೇರಮಾತು
1ಕ್ಕೆ (ಅ). 2ನೇ ಹಂತ ಮುಗಿದರೆ 3ನೇ ಹಂತ. 3ನೇ ಹಂತದ ಮೊದಲ ಮಾತೇ "ಪೈಪಿನ ಬಿರಡೆ ತೆಗೆದು". ಸಂಖ್ಯೆ ಹಾಕುವುದೇ ಅನುಕ್ರಮ ತಿಳಿಸಲಿಕ್ಕೆ. ಇಲ್ಲದಿದ್ದರೆ ಸಂಖ್ಯೆ ಯಾಕೆ ಬೇಕು?

ರಿಪೇರಿರಾಯ
ನೇರಮಾತು ಅವರೇ, ನೀವು ಹೇಳಿದ ಹಾಗೆ ಮಾಡಿದರೆ ನೀರೆಲ್ಲ ನೆಲಕ್ಕೆ. ತಟ್ಟೆ ಇಡಿ ಅನ್ನೋ ಮಾತು ಬಿರಡೆ ತೆಗೆಯಿರಿ ಅನ್ನೋ ಮಾತಿನ ನಂತರ ಬಂದಿದೆ, ನಿಜ. ಆದರೆ ಆ ವಾಕ್ಯದೊಳಗೇ "ತೆಗೆಯುವ ಮೊದಲು" ಅಂತಿದೆಯಲ್ಲ. ಸಂಖ್ಯೆ ಹಂತದಿಂದ ಹಂತಕ್ಕೆ ದಾರಿ ತೋರಿಸುತ್ತೆ. ಹಂತದ ಒಳಗಿನ ಮೂರು ನಾಲ್ಕು ಕೆಲಸದಲ್ಲಿ ಯಾವುದು ಮೊದಲು ಅಂತ ಸಂಖ್ಯೆ ಹೇಳೋದಿಲ್ಲ, ಅದನ್ನು ವಾಕ್ಯವೇ ಹೇಳಬೇಕು.

ಒಂದೇಸಾಲು
"ಮೊದಲು" ಅನ್ನುವ ಪದ ಕಂಡಲ್ಲಿ ನಿಲ್ಲಿ, ಆ ವಾಕ್ಯ ಹಿಂದಕ್ಕೆ ಎಳೆಯುತ್ತದೆ.

ತಕ್ಕಡಿ
(ಅ) ತಪ್ಪು ಅನ್ನುವುದರಲ್ಲಿ ಸಂಶಯ ಇಲ್ಲ. ಆದರೆ (ಆ) ಸರಿ ಅಂತಲೂ ನಾನು ಒಪ್ಪುವುದಿಲ್ಲ. "ಬಿರಡೆ ತೆಗೆಯುವ ಮೊದಲು ತಟ್ಟೆ ಇಡಿ" ಅಂದರೆ ತಟ್ಟೆ ಬಿರಡೆಗಿಂತ ಮೊದಲು, ಅಷ್ಟೇ. ಎಷ್ಟು ಮೊದಲು ಅಂತ ಅದು ಹೇಳುತ್ತಿಲ್ಲ. ಬಿರಡೆಗೂ ಹಿಂದೆ ಒಂದರ ಹಿಂದೊಂದು ನಡೆಯಲೇಬೇಕಾದ ಕೆಲಸ ನಾಲ್ಕು: ಆಫ್ ಮಾಡುವುದು, ಪ್ಲಗ್ ತೆಗೆಯುವುದು, ಮುಚ್ಚಳ ತೆರೆಯುವುದು, ಪೈಪು ಎಳೆಯುವುದು. ಈ ನಾಲ್ಕರ ಹಿಂದೆ, ಮುಂದೆ, ನಡುವೆ ಒಟ್ಟು ಐದು ಜಾಗ ಇವೆ. ತಟ್ಟೆಯನ್ನು ಆ ಐದರಲ್ಲಿ ಎಲ್ಲಿ ಇಟ್ಟರೂ ಪಠ್ಯದ ಯಾವ ಮಾತಿಗೂ ವಿರುದ್ಧವಾಗುವುದಿಲ್ಲ.

ಇನ್ನು (ಈ) ನೋಡಿ. "ನೀರು ತಣಿಯುವ ತನಕ ಬಿರಡೆ ತೆಗೆಯಬೇಡಿ." ಇದೂ ಬಿರಡೆಗಿಂತ ಮೊದಲು ಆಗಬೇಕಾದ್ದೇ. ಬಿಸಿನೀರಿನಲ್ಲಿ ಒಗೆದಿದ್ದರೆ ಪೈಪು ಎಳೆದ ತಕ್ಷಣ ಮಾಡುವುದು ಕಾಯುವುದೂ ಆಗಬಹುದು, ತಟ್ಟೆ ಇಡುವುದೂ ಆಗಬಹುದು. "ತಕ್ಷಣ" ಅಂತ ಕೇಳಿದ ಪ್ರಶ್ನೆಗೆ ಒಂದೇ ಉತ್ತರ ಬರಬೇಕಾದರೆ ಪಠ್ಯದಲ್ಲೂ "ತಕ್ಷಣ" ಇರಬೇಕು. ಇಲ್ಲಿ ಇಲ್ಲ.

ಓದುಪಾಠ
ತಕ್ಕಡಿ ಅವರೇ, ಪೈಪಿನ ಬಾಯಿಯ ಕೆಳಗೆ ತಟ್ಟೆ ಇಡಿ ಅಂತ ಬರೆದಿದ್ದೇವಲ್ಲ? ಪೈಪು ಇನ್ನೂ ಒಳಗಿರುವಾಗ ಅದರ ಬಾಯಿಯ ಕೆಳಗೆ ತಟ್ಟೆ ಇಡುವುದು ಹೇಗೆ? ಆದ್ದರಿಂದ ಪೈಪು ಎಳೆದ ನಂತರವೇ ತಟ್ಟೆ. ಐದು ಜಾಗ ಒಂದಕ್ಕೆ ಇಳಿಯಿತು.

ತಕ್ಕಡಿ
ಅದು ಒಳ್ಳೆಯ ವಾದ, ಆ ಮಾತು ನನ್ನ ಕಣ್ಣು ತಪ್ಪಿತ್ತು. ಹಾಗಿದ್ದರೂ ಕಾಯುವ ಕೆಲಸ ಉಳಿಯುತ್ತದಲ್ಲ.

ರಿಪೇರಿರಾಯ
ಕೈಯಿಟ್ಟು ಮಾಡುವವರಿಗೆ ಅಲ್ಲೂ ಸ್ವಲ್ಪ ಸಡಿಲ ಇದೆ. ಆ ಪೈಪು ಹೆಚ್ಚು ಉದ್ದ ಇರೋದಿಲ್ಲ, ಮುಚ್ಚಳದ ಕಿಂಡಿಯಿಂದ ಒಂದು ಗೇಣು ಹೊರಬಂದರೆ ಹೆಚ್ಚು. ಬಾಯಿ ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ, ತಟ್ಟೆ ಮೊದಲು ಸರಿಸಿ ಆಮೇಲೆ ಪೈಪು ಎಳೆದು ಅದರ ಮೇಲೆ ಬಗ್ಗಿಸಬಹುದು. ಅದರಲ್ಲಿ ಯಾವ ತೊಂದರೆಯೂ ಇಲ್ಲ.

ತಟ್ಟೆಯ ಬಗ್ಗೆ ಮುಖ್ಯ ವಿಷಯ ಅದು ಯಾವಾಗ ಇಟ್ಟಿರಿ ಅನ್ನೋದಲ್ಲ, ಎಷ್ಟು ಆಳದ್ದು ಅನ್ನೋದು. ಈ ಪೈಪಿನಲ್ಲಿ ನೀರು ಬರೋದು ಪಂಪಿನಿಂದಲ್ಲ, ಬರೀ ಇಳಿಜಾರಿನಿಂದ. ಪೈಪಿನ ಬಾಯಿ ಒಳಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದಷ್ಟು ಹೊತ್ತು ಮಾತ್ರ ಹರಿಯುತ್ತೆ. ಎತ್ತರದ ಪಾತ್ರೆ ಇಟ್ಟು ಪೈಪನ್ನು ಅದರ ಅಂಚಿನ ಮೇಲೆ ಏರಿಸಿದರೆ ಸ್ವಲ್ಪ ಹರಿದು ನಿಂತುಬಿಡುತ್ತೆ. ನೋಡಿದವರು "ನೀರು ಪೂರ್ತಿ ಹೋಯಿತು" ಅಂದುಕೊಂಡು ಫಿಲ್ಟರ್ ತಿರುಗಿಸ್ತಾರೆ, ಉಳಿದ ನೀರು ಆ ದೊಡ್ಡ ತೂತಿನಿಂದ ಒಮ್ಮೆಲೇ ಬರುತ್ತೆ. 3ನೇ ಹಂತ ಮುಗಿಯಿತು ಅಂತ ತಿಳಿದು 4ಕ್ಕೆ ಹೋಗೋ ತಪ್ಪು ಇದೇ. ಹರಿಯೋದು ನಿಂತಾಗ ಪೈಪಿನ ಬಾಯನ್ನು ನೆಲಕ್ಕೆ ಮುಟ್ಟುವಷ್ಟು ತಗ್ಗಿಸಿ ನೋಡಿ. ಆಗಲೂ ಬರದಿದ್ದರೆ ಮುಂದಿನ ಹಂತ.

ಬೆಳ್ಳಿಚುಕ್ಕಿ
ನಮಸ್ಕಾರ, ನಮ್ಮ ಮೆಷಿನ್ನಿನಲ್ಲಿ ಆ ಸಣ್ಣ ಪೈಪೇ ಇಲ್ಲ. ಮುಚ್ಚಳ ತೆಗೆದರೆ ಬರೀ ಫಿಲ್ಟರ್ ಕಾಣುತ್ತದೆ. ಈಗ ಡ್ರಮ್ಮಿನಲ್ಲಿ ನೀರು ನಿಂತಿದೆ, ಬಾಗಿಲೂ ತೆರೆಯುತ್ತಿಲ್ಲ. ಹಾಗಾದರೆ 2 ಮತ್ತು 3ನೇ ಹಂತ ಬಿಟ್ಟು ನೇರ 4ಕ್ಕೆ ಹೋಗಬಹುದಾ?

ನೇರಮಾತು
ಮೇಡಂ, ಇಲ್ಲಿ ಪ್ರಶ್ನೆಪತ್ರಿಕೆಯ ಚರ್ಚೆ ನಡೀತಿದೆ, ರಿಪೇರಿ ಅಲ್ಲ.

ರಿಪೇರಿರಾಯ
ಇರಲಿ ಬಿಡಿ, ಅವರ ಪ್ರಶ್ನೆಯೂ ಅನುಕ್ರಮದ್ದೇ. ಮೇಡಂ, 3ನೇ ಹಂತ ಬಿಡಬೇಡಿ. ಪೈಪು ಇಲ್ಲದ ಮಾದರಿಯಲ್ಲಿ 3 ಮತ್ತು 4 ಸೇರಿ ಒಂದಾಗುತ್ತೆ, ಅಷ್ಟೇ. ಪ್ಲಗ್ ತೆಗೆದು, ನೀರು ಬಿಸಿ ಇದ್ದರೆ ತಣಿಯೋಕೆ ಬಿಟ್ಟು, ಮುಚ್ಚಳ ತೆಗೆದು ತಟ್ಟೆ ಇಡಿ. ತಟ್ಟೆಯ ಹಿಂದೆ ನೆಲದ ಮೇಲೆ ಹಳೆ ಟವೆಲ್ ಹಾಸಿ. ಆಮೇಲೆ ಫಿಲ್ಟರನ್ನು ಎಡಕ್ಕೆ ಅರ್ಧ ಸುತ್ತು ಮಾತ್ರ ತಿರುಗಿಸಿ. ಅಂಚಿನಿಂದ ನೀರು ಜಿನುಗೋಕೆ ಶುರುವಾದ ಕೂಡಲೇ ಕೈ ನಿಲ್ಲಿಸಿ. ತಟ್ಟೆ ಮುಕ್ಕಾಲು ತುಂಬಿದಾಗ ಬಲಕ್ಕೆ ತಿರುಗಿಸಿ ಮುಚ್ಚಿ, ಚೆಲ್ಲಿ ಬನ್ನಿ, ಮತ್ತೆ ಅರ್ಧ ಸುತ್ತು. ಡ್ರಮ್ಮಿನಲ್ಲಿ ನೀರು ನಿಂತಿದೆ ಅಂದರೆ ಇದು ಹತ್ತಾರು ಸಲ ಆಗಬಹುದು, ಬೇಸರ ಮಾಡಿಕೊಂಡು ಪೂರ್ತಿ ಬಿಚ್ಚಬೇಡಿ. ಬಿಚ್ಚಿದ ಮೇಲೆ ನೀರಿನ ಒತ್ತಡಕ್ಕೆ ಎದುರಾಗಿ ಮತ್ತೆ ತಿರುಪಿನ ಮರೆಗೆ ಮರೆ ಕೂರಿಸೋದು ಬಹಳ ಕಷ್ಟ.

ಬಾಗಿಲನ್ನು ಎಳೆಯೋಕೆ ಹೋಗಬೇಡಿ. ನೀರಿನ ಮಟ್ಟ ಇಳಿಯೋ ತನಕ ಅದು ಬೀಗ ಬಿಡದೇ ಇರಬಹುದು, ಅದು ಕೆಟ್ಟಿದೆ ಅಂತಲ್ಲ.

ಬೆಳ್ಳಿಚುಕ್ಕಿ
ತುಂಬಾ ಧನ್ಯವಾದ ಸರ್. ಅರ್ಧ ಸುತ್ತು ಅನ್ನುವುದು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ, "ನಿಧಾನವಾಗಿ" ಅಂತ ಮಾತ್ರ ಇದೆ.

ವ್ಯಾಕರಣಪ್ರಿಯ
ಎಲ್ಲರೂ "ಮೊದಲು" ಪದವನ್ನೇ ಹಿಡಿದುಕೊಂಡಿದ್ದೀರಿ. ಈ ಪಠ್ಯದಲ್ಲಿ ಅನುಕ್ರಮ ಹೇಳುವ ಹೆಚ್ಚಿನ ಭಾರ ಹೊತ್ತಿರುವುದು ಕ್ರಿಯಾಪದದ ಕೊನೆ. "ಮುಚ್ಚಳ ತೆರೆದು ಪೈಪನ್ನು ಹೊರಗೆಳೆಯಿರಿ." ಇಲ್ಲಿ "ತೆರೆದು" ಅಂದರೆ ತೆರೆದ ಮೇಲೆ. ಮೊದಲು, ನಂತರ ಅನ್ನುವ ಪದವೇ ಬೇಕಿಲ್ಲ, ಎರಡು ಕೆಲಸ ತಿರುವುಮುರುವಾಗಲು ಸಾಧ್ಯವೇ ಇಲ್ಲ.

ತೊಡಕು ಬರುವುದು "ಹಾಕಿ, ಸೇರಿಸಿ, ತಿರುಗಿಸಿ" ಇಂಥವುಗಳಲ್ಲಿ. "ತೆಗೆದು" ಬೇರೆ, "ತೆಗೆಯಿರಿ" ಬೇರೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ "ಹಾಕಿ" ಅಂದರೆ "ಹಾಕಿದ ಮೇಲೆ" ಅಂತಲೂ ಹೌದು, "ದಯವಿಟ್ಟು ಹಾಕಿ" ಅಂತಲೂ ಹೌದು. ಎರಡಕ್ಕೂ ಒಂದೇ ರೂಪ. ಈಗ 6ನೇ ಹಂತ ಓದಿ: "ಬಿರಡೆ ಹಾಕಿ ಪೈಪನ್ನು ಅದರ ಜಾಗಕ್ಕೆ ಸೇರಿಸಿ ಮುಚ್ಚಳ ಮುಚ್ಚಿ." ಇದು ಒಂದರ ಬೆನ್ನಿಗೆ ಒಂದು ಮಾಡಬೇಕಾದ ಸರಣಿಯೋ, ಮೂರು ಬಿಡಿ ಅಪ್ಪಣೆಗಳೋ?

ಪರೀಕ್ಷಿಸಲು ಸುಲಭ ದಾರಿ ಇದೆ. ತಮ್ಮನಿಗೆ ಹೇಳುವ ಹಾಗೆ ಏಕವಚನಕ್ಕೆ ತನ್ನಿ. "ಬಿರಡೆ ಹಾಕಿ ಪೈಪು ಸೇರಿಸಿ ಮುಚ್ಚಳ ಮುಚ್ಚು" ಅನ್ನುತ್ತೀರೋ, "ಬಿರಡೆ ಹಾಕು, ಪೈಪು ಸೇರಿಸು, ಮುಚ್ಚಳ ಮುಚ್ಚು" ಅನ್ನುತ್ತೀರೋ? ಮೊದಲನೆಯದರಲ್ಲಿ ಕೊನೆಯ ಪದ ಮಾತ್ರ ಬದಲಾಯಿತು, ಅಂದರೆ ಹಿಂದಿನ ಎರಡು "ಮಾಡಿದ ಮೇಲೆ" ಅನ್ನುವ ರೂಪಗಳು, ಅನುಕ್ರಮ ವಾಕ್ಯದಲ್ಲೇ ಗಟ್ಟಿಯಾಗಿದೆ. ಎರಡನೆಯದರಲ್ಲಿ ಎಲ್ಲ ಬದಲಾಯಿತು, ಅಂದರೆ ಅನುಕ್ರಮವನ್ನು ಬರೆದ ಸಾಲಿನಿಂದ ಊಹಿಸಬೇಕು. ಅಲ್ಪವಿರಾಮ ಇಲ್ಲದೆ ಹೀಗೆ ಬರೆದಾಗ ನಾನು ಮೊದಲನೆಯದನ್ನೇ ಆರಿಸುತ್ತೇನೆ.

ಒಂದೇಸಾಲು
3ನೇ ಹಂತದ "ಬಿರಡೆ ಹಾಕಿ, ತಟ್ಟೆ ಖಾಲಿ ಮಾಡಿ, ಮತ್ತೆ" ಅಲ್ಲಿ ಅಲ್ಪವಿರಾಮ ಇದೆಯಲ್ಲ?

ವ್ಯಾಕರಣಪ್ರಿಯ
ಇದೆ. ಅಲ್ಲಿ ಎರಡೂ ಓದು ಸಾಧ್ಯ. ಆದರೆ "ಮತ್ತೆ" ಅನ್ನುವ ಪದ ಅದನ್ನು ಕಟ್ಟಿಹಾಕುತ್ತದೆ. ಬಿರಡೆ ಹಾಕದೆ "ಮತ್ತೆ ತೆಗೆಯಲು" ಬರುವುದಿಲ್ಲ.

ತಕ್ಕಡಿ
"ಮಾಡಿದ ಮೇಲೆ" ಅನ್ನುವ ರೂಪ ಬಂದಲ್ಲೆಲ್ಲ ಮೊದಲು, ನಂತರ ಅಂತ ಕಡ್ಡಾಯವೇ? "ಓಡಿ ಬಂದ" ಅಂದರೆ ಮೊದಲು ಓಡಿ ಆಮೇಲೆ ಬಂದ ಅಂತ ಅರ್ಥ ಅಲ್ಲ, ಎರಡೂ ಒಂದೇ ಕೆಲಸ. "ತಿರುಗಿಸಿ ಬಿಗಿ ಮಾಡಿ" ಕೂಡ ಅದೇ ಥರ. ತಿರುಗಿಸುವುದೇ ಬಿಗಿ ಮಾಡುವುದು.

ವ್ಯಾಕರಣಪ್ರಿಯ
ಸರಿ, ಒಪ್ಪಿದೆ. ಹೇಗೆ ಮಾಡಿದ ಅಂತ ಹೇಳುವಾಗಲೂ ಅದೇ ರೂಪ ಬರುತ್ತದೆ. ಅದಕ್ಕೇ ಪ್ರಶ್ನೆ ಮಾಡುವವರು "ತಿರುಗಿಸುವುದು ಮೊದಲೋ ಬಿಗಿ ಮಾಡುವುದು ಮೊದಲೋ" ಅಂತ ಕೇಳಬಾರದು. 4ನೇ ಹಂತದ "ತಿರುಗಿಸಿ ಹೊರತೆಗೆಯಿರಿ" ಹಾಗಲ್ಲ, ಅಲ್ಲಿ ತಿರುಗಿಸಿ ಮುಗಿದ ಮೇಲೆಯೇ ಅದು ಹೊರಬರುವುದು. ರೂಪ ಒಂದೇ, ವಸ್ತುವನ್ನು ತಿಳಿದವನಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ.

ನೇರಮಾತು
2ನೇ ಪ್ರಶ್ನೆಗೆ ಬರೋಣ. ಬಿರಡೆ ಪೈಪಿನಲ್ಲೇ ಇರುತ್ತದೆ ಅಂತ ನನ್ನ ಉತ್ತರ. ತಟ್ಟೆ ತುಂಬಿದರೆ ಬಿರಡೆ ಹಾಕಿ ಅಂತ 3ನೇ ಹಂತದಲ್ಲೇ ಇದೆ. ಹಾಕಿದ ಮೇಲೆ 4ನೇ ಹಂತ.

ಓದುಪಾಠ
"ಮತ್ತೆ ಬಿರಡೆ ತೆಗೆಯಿರಿ" ಅಂತ ಅದೇ ವಾಕ್ಯದ ಕೊನೆಯಲ್ಲಿದೆ ಸರ್.

ತಕ್ಕಡಿ
ಇಂಥ ಪ್ರಶ್ನೆಯಲ್ಲಿ ಹಂತಗಳ ಪಟ್ಟಿ ನೋಡುತ್ತಾ ಕೂತರೆ ದಾರಿ ತಪ್ಪುತ್ತದೆ. ಕೇಳಿರುವುದು ಒಂದು ವಸ್ತುವಿನ ಸ್ಥಿತಿ. ಆ ಒಂದೇ ವಸ್ತುವಿನ ಮೇಲೆ ಬೆರಳಿಟ್ಟು ಶುರುವಿನಿಂದ ಓದಬೇಕು. ಬಿರಡೆಯನ್ನೇ ಹಿಂಬಾಲಿಸಿ. 1 ಮತ್ತು 2ನೇ ಹಂತದಲ್ಲಿ ಅದು ಪೈಪಿನಲ್ಲಿದೆ. 3ರಲ್ಲಿ ಹೊರಬಂತು. ತಟ್ಟೆ ತುಂಬಿದರೆ ಒಳಗೆ, ಖಾಲಿ ಮಾಡಿದ ಮೇಲೆ ಹೊರಗೆ. ಒಂದು ಸಲ ತುಂಬಲಿ, ಆರು ಸಲ ತುಂಬಲಿ, ಆ ಸುತ್ತು ಮುಗಿಯುವುದು ಬಿರಡೆ ಹೊರಗಿರುವ ಸ್ಥಿತಿಯಲ್ಲೇ. ತಟ್ಟೆ ತುಂಬಲೇ ಇಲ್ಲ ಅಂದರೂ ಹೊರಗೇ. 4, 5ರಲ್ಲಿ ಅದನ್ನು ಯಾರೂ ಮುಟ್ಟಿಲ್ಲ. 6ರಲ್ಲಿ "ಬಿರಡೆ ಹಾಕಿ" ಅಂತಿದೆ. ಹಾಗಾಗಿ ಫಿಲ್ಟರ್ ತಿರುಗಿಸುವಾಗ ಹೊರಗಿದೆ. ಮೂರು ಪ್ರಶ್ನೆಗಳಲ್ಲಿ ಜಗಳವಿಲ್ಲದ ಉತ್ತರ ಇರುವುದು ಇದೊಂದಕ್ಕೇ.

ನೇರಮಾತು
ಒಳಗಿದ್ದಿದ್ದರೆ 6ರಲ್ಲಿ ಮತ್ತೆ ಹಾಕಿ ಅನ್ನುವ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ. ಹೌದು, ಈ ಉತ್ತರ ನಂದು ತಪ್ಪು.

ರಿಪೇರಿರಾಯ
ಉತ್ತರ ಸರಿ, ಆದರೆ ಆ ಪಠ್ಯದ ಕ್ರಮ ನನಗೆ ಹಿಡಿಸಲಿಲ್ಲ. ಕೆಲವು ಕೈಪಿಡಿಯಲ್ಲಿ ನೀರು ಪೂರ್ತಿ ಹೋದ ಕೂಡಲೇ ಬಿರಡೆ ಹಾಕಿ ಪೈಪನ್ನು ಒಳಗಿಟ್ಟು ಆಮೇಲೆ ಫಿಲ್ಟರ್ ಬಿಚ್ಚೋಕೆ ಹೇಳ್ತಾರೆ. ಕಾರಣ ಸರಳ: ಬಿರಡೆ ಸಣ್ಣದು, ಕಪ್ಪಾಗಿರುತ್ತೆ, ಕಸ ತೆಗೆಯೋ ಗಡಿಬಿಡಿಯಲ್ಲಿ ಉರುಳಿ ಹೋಗುತ್ತೆ. ಆಮೇಲೆ ಅದನ್ನು ಮರೆತು ಮೆಷಿನ್ ಚಾಲೂ ಮಾಡಿದರೆ ತುಂಬಿದ ನೀರೆಲ್ಲ ಆ ಪೈಪಿನಿಂದ ಮುಚ್ಚಳದ ಸಂದಿಗೆ ಬಂದು ನೆಲಕ್ಕೆ. ಇದೇ ಪಠ್ಯದ ಕ್ರಮದಲ್ಲಿ ಮಾಡಿದರೂ ಕೆಲಸ ಆಗುತ್ತೆ, ನೀರು ಹೋಗಿದ್ದರೆ ಬಿರಡೆ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಇಲ್ಲ.

ಓದುಪಾಠ
ಹಾಗಾದರೆ ನಿಮ್ಮ ಕ್ರಮ ಗೊತ್ತಿರುವವರು "ಪೈಪಿನಲ್ಲಿದೆ" ಅಂತ ಬರೆದರೆ ಅಂಕ ಕೊಡಬೇಕೇ?

ರಿಪೇರಿರಾಯ
ಇಲ್ಲ. ಅವರ ಮುಂದೆ ಇರೋದು ಈ ಪಠ್ಯ. ಈ ಪಠ್ಯದಲ್ಲಿ ಬಿರಡೆ ಹೊರಗಿದೆ. ಒಂದು ಕೈಪಿಡಿಯ ಕ್ರಮವನ್ನು ಇನ್ನೊಂದು ಮಾದರಿಗೆ ಹಚ್ಚೋದೇ ನಿಜ ಕೆಲಸದಲ್ಲೂ ಹೆಚ್ಚು ತೊಂದರೆ ಕೊಡೋದು. ಫಿಲ್ಟರ್ ತಿರುಗಿಸೋಕೆ ಮೊದಲು ಒಂದು ಗುಂಡಿ ಒತ್ತಬೇಕಾದ ಮಾದರಿಯನ್ನು ಹಾಗೇ ಬಲವಾಗಿ ತಿರುಗಿಸಿದರೆ ಹಿಡಿ ಮುರಿಯುತ್ತೆ.

ಬೆಳ್ಳಿಚುಕ್ಕಿ
ಸರ್, ನೀರೆಲ್ಲ ತೆಗೆದು ಫಿಲ್ಟರ್ ಬಿಚ್ಚಿದೆ. ಹನ್ನೊಂದು ತಟ್ಟೆ ಆಯಿತು. ಒಂದು ಗುಂಡಿ ಮತ್ತು ಕೂದಲಿನ ಉಂಡೆ ಸಿಕ್ಕಿತು. ಒಳಗೆ ಕಾಣುವ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ಸುತ್ತುತ್ತಿಲ್ಲ, ತಡೆದು ತಡೆದು ತಟಕ್ಕನೆ ಮುಂದೆ ಹೋಗುತ್ತದೆ. ಪಂಪು ಹೋಯಿತಾ?

ರಿಪೇರಿರಾಯ
ಹೋಗಿಲ್ಲ. ಆ ಪಂಪಿನ ಒಳಗೆ ಕಾಯಂ ಅಯಸ್ಕಾಂತ ಇರುತ್ತೆ, ಅದು ರೆಕ್ಕೆಯನ್ನು ಒಂದೊಂದು ಜಾಗದಲ್ಲಿ ಹಿಡಿದು ಬಿಡುತ್ತೆ. ಬೆರಳಿಗೆ ಮೆಟ್ಟಿಲು ಮೆಟ್ಟಿಲಾಗಿ ತಗುಲೋದು ಸಹಜ. ಪೂರ್ತಿ ಒಂದು ಸುತ್ತು ಬಂದು, ಎಲ್ಲ ಕಡೆ ಒಂದೇ ಥರ ತಡೆದರೆ ಸರಿ ಇದೆ ಅಂತ. ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಂತು ಹಿಂದಕ್ಕೆ ಬಂದರೆ ಅಲ್ಲಿ ಏನೋ ಸಿಕ್ಕಿದೆ, ದಾರವೋ ಹೇರ್‌ಪಿನ್ನೋ, ಟಾರ್ಚ್ ಬಿಟ್ಟು ನೋಡಿ.

ಓದುಪಾಠ ಅವರೇ, ನಿಮ್ಮ 5ನೇ ಹಂತದ "ತಿರುಗುತ್ತದೆಯೇ ಎಂದು ನೋಡಿ" ಅನ್ನೋದಕ್ಕೆ ಇದನ್ನು ಸೇರಿಸಿದರೆ ಒಳ್ಳೆಯದು. ಹೇಗೆ ತಿರುಗಿದರೆ ಸರಿ ಅಂತ ಹೇಳದಿದ್ದರೆ ಓದಿದವರು ಒಳ್ಳೆ ಪಂಪನ್ನೂ ಕೆಟ್ಟಿದೆ ಅಂದುಕೊಳ್ತಾರೆ. ಮತ್ತೆ, ಬೆರಳು ಹಾಕೋ ಹಂತ ಇದು. ಪ್ಲಗ್ ತೆಗೆಯೋದು 1ರಲ್ಲಿ ಇರೋದು ಇದಕ್ಕೇ.

ಬೆಳ್ಳಿಚುಕ್ಕಿ
ಎಲ್ಲ ಕಡೆ ಒಂದೇ ಥರ ತಡೆಯುತ್ತಿದೆ. ಸಮಾಧಾನ ಆಯಿತು.

ಓದುಪಾಠ
ಸೇರಿಸುತ್ತೇವೆ. ಈಗ 3ನೇ ಪ್ರಶ್ನೆ. ಕೊನೆಯ ಕೆಲಸ ಸೋರಿಕೆ ನೋಡುವುದು ಅಂತ ನಮ್ಮ ಉತ್ತರ, ಯಾಕೆಂದರೆ ಅದು "ಸೂಚನೆ"ಯಲ್ಲಿ ಎಲ್ಲಕ್ಕಿಂತ ಕೆಳಗಿದೆ. ತಕರಾರು ಮಾಡಿದವರು ಮುಚ್ಚಳ ಮುಚ್ಚುವುದೇ ಕೊನೆ ಅಂತಾರೆ.

ಒಂದೇಸಾಲು
ಕೆಳಗೆ ಬರೆದಿದ್ದಕ್ಕೆ ಕೊನೆ ಅನ್ನುವುದಾದರೆ ನಿಮ್ಮ "ಎಚ್ಚರಿಕೆ"ಯೂ 6ನೇ ಹಂತದ ನಂತರವೇ ಆಗಬೇಕಿತ್ತಲ್ಲ?

ತಕ್ಕಡಿ
ಸರಿಯಾಗಿ ಹೇಳಿದಿರಿ. ಎಚ್ಚರಿಕೆ ಕೆಳಗಿದೆ, ಆದರೆ ಅದು ನಡೆಯಬೇಕಾದದ್ದು 3ನೇ ಹಂತಕ್ಕೂ ಮುಂಚೆ. ಅಂದಮೇಲೆ ಸೂಚನೆ ಕೆಳಗಿದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಕೊನೆಗೆ ತಳ್ಳುವ ಹಾಗಿಲ್ಲ.

ಸೂಚನೆಯಲ್ಲಿ ಇರುವ ಅನುಕ್ರಮದ ಮಾತು ಒಂದೇ: "ಫಿಲ್ಟರ್ ಹಾಕಿದ ಮೇಲೆ." ಬಿರಡೆ ಹಾಕಿದ ಮೇಲೋ, ಮುಚ್ಚಳ ಮುಚ್ಚಿದ ಮೇಲೋ, ಅದು ಹೇಳಿಲ್ಲ. ಸ್ವಲ್ಪ ಬಿಡಿಸಿ ನೋಡೋಣ. ಬಿರಡೆ ಹಾಕದೆ ಡ್ರಮ್ಮಿಗೆ ನೀರು ಸುರಿದರೆ ಅದು ಸಣ್ಣ ಪೈಪಿನಿಂದ ಹೊರಗೆ ಬರುತ್ತದೆ, ಪರೀಕ್ಷೆಗೆ ಅರ್ಥವೇ ಇಲ್ಲ. ಹಾಗಾಗಿ ಬಿರಡೆಯ ನಂತರ. ಪ್ರೋಗ್ರಾಂ ನಡೆಯಬೇಕಾದರೆ ಪ್ಲಗ್ ಹಾಕಿರಬೇಕು. ಅದನ್ನು ಹಾಕಿ ಅಂತ ಇಡೀ ಪಠ್ಯದಲ್ಲಿ ಎಲ್ಲೂ ಇಲ್ಲ, ಗಮನಿಸಿದಿರಾ? 1ರಲ್ಲಿ ತೆಗೆದ ಪ್ಲಗ್ ಹೊರಗೇ ಉಳಿದಿದೆ. ಮುಚ್ಚಳದ ಮಟ್ಟಿಗೆ ಮಾತ್ರ ಪಠ್ಯ ಯಾವ ಕಡೆಗೂ ವಾಲುವುದಿಲ್ಲ.

ನೇರಮಾತು
ಪ್ಲಗ್ ಹಾಕುವುದನ್ನು ಬರೆಯಬೇಕೇ? ಅದು ಎಲ್ಲರಿಗೂ ಗೊತ್ತಿರುವುದೇ.

ತಕ್ಕಡಿ
ಮಾಡುವವರಿಗೆ ಗೊತ್ತಿರುತ್ತದೆ. ಪ್ರಶ್ನೆಗೆ ಉತ್ತರಿಸುವವರು "ಸೂಚನೆಯನ್ನು ಪಾಲಿಸುವ ಮೊದಲು ಬರೆಯದೇ ಬಿಟ್ಟ ಕೆಲಸ ಯಾವುದು" ಅಂತ ಕೇಳಿದರೆ ಹುಡುಕಬೇಕಾಗುತ್ತದೆ. ನಿಜ ಹೇಳಬೇಕೆಂದರೆ ನಿಮ್ಮ ಮೂರೂ ಪ್ರಶ್ನೆಗಿಂತ ಅದೇ ಚೆನ್ನಾಗಿರುತ್ತದೆ.

ರಿಪೇರಿರಾಯ
ಮುಚ್ಚಳ ತೆರೆದೇ ಇರಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ನೀರು ಧಾರೆಯಾಗಿ ಬರೋದಿಲ್ಲ. ಅದರ ರಬ್ಬರ್ ಬಳೆಯ ಕೆಳಭಾಗದಲ್ಲಿ ಒಂದು ಹನಿ ಕಟ್ಟುತ್ತೆ, ದಪ್ಪ ಆಗುತ್ತೆ, ಬೀಳುತ್ತೆ, ಮತ್ತೆ ಇನ್ನೊಂದು ಕಟ್ಟುತ್ತೆ. ಮುಚ್ಚಳ ಮುಚ್ಚಿದ್ದರೆ ಅದು ಕಾಣೋದೇ ಇಲ್ಲ, ಕೆಳಗೆ ನೆಲ ಒದ್ದೆಯಾದ ಮೇಲೆ ಗೊತ್ತಾಗುತ್ತೆ. ಸಾಮಾನ್ಯ ಕಾರಣ ರಬ್ಬರ್ ಬಳೆಯಲ್ಲಿ ಕೂತ ಒಂದು ಎಳೆ ನೂಲು ಅಥವಾ ಸೋಪಿನ ಹರಳು. ತೊಳೆಯೋವಾಗ ಜಾಲರಿಯನ್ನು ಉಜ್ಜಿ ಬಳೆಯನ್ನು ಬಿಟ್ಟುಬಿಡ್ತಾರೆ. ಬಳೆಯನ್ನೂ, ಅದು ಹೋಗಿ ಕೂರೋ ಗುಂಡು ಅಂಚನ್ನೂ ಬಟ್ಟೆಯಿಂದ ಒರೆಸಬೇಕು.

ಹನಿ ಕಂಡರೆ ಇನ್ನೂ ಬಿಗಿ ಮಾಡೋಕೆ ಹೋಗಬೇಡಿ. ಪ್ರೋಗ್ರಾಂ ನೀರನ್ನು ಹೊರಹಾಕಿ ಮುಗಿಸಲಿ, ಪ್ಲಗ್ ತೆಗೆಯಿರಿ, ಆಮೇಲೆ ತಟ್ಟೆ ಇಟ್ಟು ಫಿಲ್ಟರ್ ಬಿಚ್ಚಿ ಒರೆಸಿ. ಮರೆ ಓರೆಯಾಗಿ ಕೂತಿದ್ದರೆ ಎಷ್ಟು ಬಿಗಿ ಮಾಡಿದರೂ ಸೋರೋದು ನಿಲ್ಲೋದಿಲ್ಲ, ಪ್ಲಾಸ್ಟಿಕ್ ಮರೆ ಸವೆಯುತ್ತೆ. ಕೂರಿಸೋವಾಗ ಮೊದಲು ಎಡಕ್ಕೆ ಸ್ವಲ್ಪ ತಿರುಗಿಸಿ ಮರೆ ಇಳಿದದ್ದು ಕೈಗೆ ತಿಳಿದ ಮೇಲೆ ಬಲಕ್ಕೆ ತಿರುಗಿಸಿದರೆ ಓರೆ ಆಗೋದಿಲ್ಲ.

ಆದ್ದರಿಂದ ಕ್ರಮ: ಫಿಲ್ಟರ್, ಬಿರಡೆ, ಪೈಪು ಒಳಗೆ, ಪ್ಲಗ್, ನೀರು ಸುರಿಯೋದು, ಪ್ರೋಗ್ರಾಂ, ನೋಡೋದು, ಕೊನೆಗೆ ಮುಚ್ಚಳ.

ವ್ಯಾಕರಣಪ್ರಿಯ
ರಾಯರೇ, ಕೆಲಸದ ದೃಷ್ಟಿಯಿಂದ ನಿಮ್ಮದು ನೂರಕ್ಕೆ ನೂರು ಸರಿ. ಆದರೆ 2ನೇ ಪ್ರಶ್ನೆಗೆ "ಮುಂದಿರುವ ಪಠ್ಯವೇ ಪ್ರಮಾಣ" ಅಂತ ನೀವೇ ಹೇಳಿದಿರಿ. 6ನೇ ಹಂತದಲ್ಲಿ "ಪೈಪನ್ನು ಸೇರಿಸಿ ಮುಚ್ಚಳ ಮುಚ್ಚಿ" ಅಂತ ಒಂದೇ ಉಸಿರಿನಲ್ಲಿ ಹೇಳಿ, ಅದಾದ ಮೇಲೆ ಸೂಚನೆ ಬಂದಿದೆ. ಪಠ್ಯವೇ ಪ್ರಮಾಣವಾದರೆ ನಡುವೆ ನೀರು ಸುರಿಯುವುದನ್ನು ತೂರಿಸಲು ಜಾಗ ಎಲ್ಲಿ?

ರಿಪೇರಿರಾಯ
ಬಿರಡೆಯ ವಿಷಯದಲ್ಲಿ ಪಠ್ಯ ಸ್ಪಷ್ಟವಾಗಿ ಹೇಳಿತ್ತು. ಇಲ್ಲಿ ಅದು ಬಾಯಿ ಬಿಟ್ಟಿಲ್ಲ. ಹೇಳದ ಕಡೆ ಕೆಲಸವೇ ಹೇಳಬೇಕು. "ಸೋರುತ್ತಿದೆಯೇ ನೋಡಿ" ಅಂದಿದ್ದಾರೆ, ಮುಚ್ಚಿದ ಮುಚ್ಚಳದ ಹಿಂದೆ ನೋಡೋದು ಹೇಗೆ? "ಪೈಪಿನ ಬಾಯಿಯ ಕೆಳಗೆ" ಅನ್ನೋ ಮಾತಿನಿಂದ ತಟ್ಟೆಯ ಜಾಗ ಹಿಡಿದಿರಲ್ಲ, ಇದೂ ಅದೇ ಥರದ ವಾದ.

ವ್ಯಾಕರಣಪ್ರಿಯ
ನೆಲ ನೋಡಿದರೂ ಸೋರಿಕೆ ಗೊತ್ತಾಗುತ್ತದೆ ಅಂತ ನೀವೇ ಬರೆದಿರಿ. ತಡವಾಗಿ ಗೊತ್ತಾಗಬಹುದು, ಆದರೆ ಗೊತ್ತಾಗುತ್ತದೆ. ಅಸಾಧ್ಯ ಬೇರೆ, ಒಳ್ಳೆಯದಲ್ಲ ಅನ್ನುವುದು ಬೇರೆ. ಪೈಪಿನ ವಾದ ಅಸಾಧ್ಯದ್ದು.

ತಕ್ಕಡಿ
ಪೈಪಿನದ್ದೂ ಅಸಾಧ್ಯ ಅಲ್ಲ ಅಂತ ರಾಯರು ಆಗಲೇ ತೋರಿಸಿದ್ದಾರೆ. ತಟ್ಟೆ ಮೊದಲು ಸರಿಸಿ ಆಮೇಲೆ ಪೈಪು ಬಗ್ಗಿಸಬಹುದು ಅಂತ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಒಂದೋ ಎರಡೂ ನಿಲ್ಲುತ್ತವೆ, ಇಲ್ಲ ಎರಡೂ ಬೀಳುತ್ತವೆ.

ಓದುಪಾಠ
ಎಲ್ಲರಿಗೂ ವಂದನೆ. 1ನೇ ಪ್ರಶ್ನೆಯನ್ನು "ಬಿರಡೆ ತೆಗೆಯುವ ಮುಂಚೆ ಆಗಿರಲೇಬೇಕಾದ ಕೆಲಸ ಯಾವುದು" ಅಂತ ಬದಲಿಸಿ, ಆಯ್ಕೆಗಳಲ್ಲಿ ತಟ್ಟೆಯ ಜೊತೆ ಫಿಲ್ಟರ್ ತಿರುಗಿಸುವುದು, ರೆಕ್ಕೆ ನೋಡುವುದು, ಮುಚ್ಚಳ ಮುಚ್ಚುವುದು ಹಾಕುತ್ತೇವೆ. ಕಾಯುವುದನ್ನು ಆಯ್ಕೆಯಿಂದ ತೆಗೆದು, ಎಚ್ಚರಿಕೆಯನ್ನು 1ನೇ ಹಂತದ ಮೇಲಕ್ಕೆ ತರುತ್ತೇವೆ. 2 ಹಾಗೇ ಇರಲಿ. ಪಠ್ಯದಲ್ಲಿ ಸೂಚನೆಯನ್ನು 6ನೇ ಹಂತದೊಳಗೆ ತಂದು "ಮುಚ್ಚಳ ಮುಚ್ಚುವ ಮೊದಲು" ಅಂತ ಸೇರಿಸಿದರೆ ಮುಂದಿನ ಸಲ 3ಕ್ಕೆ ಜಗಳ ಇರುವುದಿಲ್ಲ. ಈಗಾಗಲೇ ಬರೆದ ಉತ್ತರಗಳಿಗೆ ಏನು ಮಾಡುವುದು ಅನ್ನುವುದು ಉಳಿದಿದೆ.

ತಕ್ಕಡಿ
3ಕ್ಕೆ ಎರಡೂ ಉತ್ತರಕ್ಕೆ ಅಂಕ ಕೊಡಿ. 1ಕ್ಕೆ (ಆ), (ಈ) ಎರಡಕ್ಕೂ ಕೊಡಿ.

ವ್ಯಾಕರಣಪ್ರಿಯ
1ಕ್ಕೆ ಒಪ್ಪುತ್ತೇನೆ, 3ಕ್ಕೆ ಇಲ್ಲ. 3ಕ್ಕೆ ಸೋರಿಕೆ ನೋಡುವುದು ಮಾತ್ರ.

ರಿಪೇರಿರಾಯ
ಮುಚ್ಚಳ ಅಂತ ಬರೆದವರ ಅಂಕ ತೆಗೆಯಬೇಡಿ, ಅವರು ಆ ಮೆಷಿನ್ನನ್ನು ಕಣ್ಣಮುಂದೆ ಇಟ್ಟುಕೊಂಡು ಓದಿದ್ದಾರೆ.

ಬೆಳ್ಳಿಚುಕ್ಕಿ
ಮುಚ್ಚಳ ತೆರೆದಿಟ್ಟು ಎರಡು ಲೀಟರ್ ಸುರಿದು ನೋಡಿದೆ ಸರ್. ಬಳೆಯ ಕೆಳಗೆ ಒಂದು ಹನಿ ಕಟ್ಟುತ್ತಿದೆ. ಪ್ರೋಗ್ರಾಂ ಮುಗಿಯಲಿ ಅಂತ ಕಾಯುತ್ತಿದ್ದೇನೆ.